ಇಟಿಎಫ್ ಬೆಲೆಯನ್ನು ಹದ್ದುಬಸ್ತಿನಲ್ಲಿ ಇಡುವುದು ಯಾರು?

ಇಟಿಎಫ್ ಎಂದರೆ ಹಲವು ಷೇರು ಅಥವಾ ಬಾಂಡ್‌ಗಳನ್ನು ಒಟ್ಟಾಗಿ ಇಟ್ಟುಕೊಂಡಿರುವ ಫಂಡ್. ಅದರ ಒಂದೊಂದು ಪಾಲು ಒಂದು ಯೂನಿಟ್. ಈ ಯೂನಿಟ್ ಷೇರಿನಂತೆ ದಿನವಿಡೀ ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತದೆ. ಅದರ ಬೆಲೆಯನ್ನು ನಿರ್ಧರಿಸುವುದು ಕೊಳ್ಳುವವರು ಮತ್ತು ಮಾರುವವರು. ಆದರೆ ಫಂಡ್ ಒಳಗಿರುವ ಷೇರುಗಳಿಗೆ ಅವುಗಳದೇ ಬೆಲೆ ಇದೆ. ಒಂದು ಯೂನಿಟ್‌ಗೆ ಅದರಲ್ಲಿ ಎಷ್ಟು ಬರುತ್ತದೋ ಅದು ಎನ್‌ಎವಿ. ಈ ಎರಡು ಬೆಲೆಗಳು ಸದಾ ಅಕ್ಕಪಕ್ಕದಲ್ಲೇ ಇರಬೇಕು ಎಂಬ ಕಟ್ಟಳೆ ಯಾವುದೂ ಇಲ್ಲ. ಆದರೂ ಹೆಚ್ಚಾಗಿ ಇರುತ್ತವೆ. ಅಂತರ ಬಿದ್ದಾಗ ಅದರಲ್ಲಿ ದುಡ್ಡು ಮಾಡಿಕೊಳ್ಳಲು ಕೆಲವರು ಕಾದು ಕೂತಿರುತ್ತಾರೆ, ಅದಕ್ಕೇ.

ಅವರನ್ನು ಆಥರೈಸ್ಡ್ ಪಾರ್ಟಿಸಿಪೆಂಟ್ ಎನ್ನುತ್ತಾರೆ, ಚಿಕ್ಕದಾಗಿ ಎಪಿ. ಫಂಡ್ ಜೊತೆ ಒಪ್ಪಂದ ಮಾಡಿಕೊಂಡ ದೊಡ್ಡ ಬ್ಯಾಂಕುಗಳು, ಟ್ರೇಡಿಂಗ್ ಸಂಸ್ಥೆಗಳು ಇವು. ಹೊಸ ಯೂನಿಟ್ ಪಡೆಯಲು ಇವರು ನೇರವಾಗಿ ಫಂಡ್ ಬಳಿಯೇ ಹೋಗಬಹುದು. ಆದರೆ ಒಂದೋ ಎರಡೋ ಯೂನಿಟ್ ಸಿಗುವುದಿಲ್ಲ, ದೊಡ್ಡ ಗಂಟಾಗಿಯೇ ತೆಗೆದುಕೊಳ್ಳಬೇಕು. ಅದಕ್ಕೆ ಕ್ರಿಯೇಶನ್ ಯೂನಿಟ್ ಎಂದು ಹೆಸರು. 50,000 ಯೂನಿಟ್‌ಗಳ ಗಂಟು ಸಾಮಾನ್ಯ.

ಒಂದು ಲೆಕ್ಕ ಮಾಡೋಣ. ಕರೆನ್ಸಿ ಯಾವುದೇ ಇರಲಿ, ಎನ್‌ಎವಿ 100 ಎಂದಿಟ್ಟುಕೊಳ್ಳಿ. ಕೊಳ್ಳುವವರು ಮುಗಿಬಿದ್ದು ಮಾರುಕಟ್ಟೆ ಬೆಲೆ 101ಕ್ಕೆ ಏರಿದೆ.

ಮೊದಲ ಹೆಜ್ಜೆ: ಯಾವ ಷೇರು ಎಷ್ಟೆಷ್ಟು ಬೇಕು ಎಂಬ ಪಟ್ಟಿಯನ್ನು ಫಂಡ್ ಪ್ರತಿ ದಿನ ಎಪಿಗಳಿಗೆ ಕೊಡುತ್ತದೆ. ಇದು ಆ ದಿನದ ಬುಟ್ಟಿ. ಎಪಿ ಆ ಷೇರುಗಳನ್ನೆಲ್ಲ ಮಾರುಕಟ್ಟೆಯಲ್ಲಿ ಕೊಳ್ಳುತ್ತದೆ. 50,000 ಯೂನಿಟ್‌ಗೆ ಬುಟ್ಟಿಯ ಬೆಲೆ 50 ಲಕ್ಷ. ಕೊಳ್ಳುವ ಖರ್ಚು 5,000, ಫಂಡ್‌ನ ಶುಲ್ಕ 1,000 ಎಂದುಕೊಳ್ಳಿ.

ಎರಡನೆಯದು: ಬುಟ್ಟಿಯನ್ನು ಫಂಡ್‌ಗೆ ಒಪ್ಪಿಸಿ 50,000 ಹೊಸ ಯೂನಿಟ್ ಪಡೆಯುತ್ತದೆ. ಇಲ್ಲಿ ಹಣದ ವ್ಯವಹಾರ ತೀರಾ ಕಡಿಮೆ, ವಸ್ತುವಿಗೆ ವಸ್ತು. ಕೊಟ್ಟದ್ದು ಎನ್‌ಎವಿಯಷ್ಟೇ ಬೆಲೆಯ ಷೇರು, ಹಾಗಾಗಿ ಹಳೆಯ ಹೂಡಿಕೆದಾರರ ಪಾಲು ಒಂದಿಷ್ಟೂ ಕರಗುವುದಿಲ್ಲ. ಷೇರು ಕೊಳ್ಳುವ ಖರ್ಚೂ ಎಪಿಯ ತಲೆಗೇ.

ಮೂರನೆಯದು: ಆ ಯೂನಿಟ್‌ಗಳನ್ನು ಮಾರುವುದು. ಇದೇ ನಿಜವಾದ ಮಜಾ. 50,000 ಯೂನಿಟ್ ಒಮ್ಮೆಗೇ ಬಂದರೆ ಬೆಲೆ 101ರಲ್ಲೇ ನಿಲ್ಲುತ್ತದಾ? ಇಲ್ಲ. ಸರಾಸರಿ 100.70 ಸಿಕ್ಕಿತು ಎನ್ನಿ, ಕೈಗೆ ಬಂದದ್ದು 50,35,000. ಖರ್ಚು ಕಳೆದರೆ 29,000 ಲಾಭ. ಎಪಿ ಲಾಭಕ್ಕಾಗಿ ಮಾರಿದ್ದೇ ಬೆಲೆಯನ್ನು ಕೆಳಗೆಳೆಯಿತು. ಅಂತರ ಇನ್ನೂ ಉಳಿದಿದ್ದರೆ ಇನ್ನೊಂದು ಎಪಿ ಅದನ್ನೇ ಮಾಡುತ್ತದೆ. (ವಾಸ್ತವದಲ್ಲಿ ಯೂನಿಟ್ ಕೈಗೆ ಬರುವವರೆಗೆ ಕಾಯುವುದಿಲ್ಲ. ಬುಟ್ಟಿ ಕೊಳ್ಳುತ್ತಲೇ ಯೂನಿಟ್ ಮಾರಿಬಿಡುತ್ತಾರೆ. ತಡವಾದರೆ ಅಂತರವೇ ಮಾಯವಾಗಬಹುದಲ್ವಾ!)

ಬೆಲೆ 99ಕ್ಕೆ ಕುಸಿದರೆ ಇದೇ ಆಟ ತಿರುಗುಮುರುಗು. ಎಪಿ ಅಗ್ಗದ ಯೂನಿಟ್ ಕೊಂಡು ಫಂಡ್‌ಗೆ ಹಿಂದಿರುಗಿಸಿ, ಬುಟ್ಟಿ ಪಡೆದು, ಷೇರುಗಳನ್ನು ಮಾರುತ್ತದೆ. ಆ ಯೂನಿಟ್‌ಗಳು ರದ್ದಾಗುತ್ತವೆ. ಇದು ರಿಡೆಂಪ್ಶನ್.

ಅಮೆರಿಕದ ಮೊದಲ ಇಟಿಎಫ್ 1993ರ ಜನವರಿಯಲ್ಲಿ ಶುರುವಾಯಿತು. ಅದರ ರೂವಾರಿಗಳಲ್ಲಿ ಒಬ್ಬರಾದ ನೇಥನ್ ಮೋಸ್ಟ್ ಅವರಿಗೆ ಸರಕಿನ ಗೋದಾಮಿನಿಂದ ಈ ಉಪಾಯ ಹೊಳೆದಿತ್ತು. ಸರಕು ಗೋದಾಮಿನಲ್ಲೇ ಇರುತ್ತದೆ, ಅದರ ರಸೀದಿ ಕೈಯಿಂದ ಕೈಗೆ ಹೋಗುತ್ತದೆ. ಬೇಕಾದವರು ರಸೀದಿ ಕೊಟ್ಟು ಸರಕು ಬಿಡಿಸಿಕೊಳ್ಳಬಹುದು. ಇಟಿಎಫ್‌ನಲ್ಲಿ ಬುಟ್ಟಿಯೇ ಸರಕು, ಯೂನಿಟ್ಟೇ ರಸೀದಿ.

ಎಪಿಗಳ ಈ ಆಟ ಮಾರುಕಟ್ಟೆ ಬೆಲೆಯನ್ನು ಎನ್‌ಎವಿಗೆ ಕಟ್ಟಿದ ಹಗ್ಗದಂತೆ. ಈ ಹಗ್ಗ ಬಿಗಿಯಾಗಿ ಎಳೆಯುವುದು ಖರ್ಚಿಗಿಂತ ಅಂತರ ಜಾಸ್ತಿಯಾದಾಗ ಮಾತ್ರ. ನಮ್ಮ ಲೆಕ್ಕದಲ್ಲಿ ಖರ್ಚು ಯೂನಿಟ್‌ಗೆ ಸುಮಾರು 12 ಪೈಸೆಯಷ್ಟು. ಅದಕ್ಕಿಂತ ಸಣ್ಣ ಅಂತರಕ್ಕೆ ಯಾರೂ ಸುಮ್ನೆ ಕೈ ಹಾಕುವುದಿಲ್ಲ. ಷೇರು ಕೊಳ್ಳುವುದು ಕಷ್ಟವಾದಷ್ಟೂ ಅಂತರ ಅಗಲವಾಗುತ್ತದೆ.

ಹಗ್ಗ ಪೂರಾ ಕಡಿದರೆ? 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಷೇರುಪೇಟೆ ಮುಚ್ಚಿತು, ಮತ್ತೆ ತೆರೆದದ್ದು ಮಾರ್ಚ್ 23ಕ್ಕೆ. ಬುಟ್ಟಿ ಕೊಳ್ಳಲು ದಾರಿಯೇ ಇರಲಿಲ್ಲ. ಆದರೆ ಈಜಿಪ್ಟ್ ಇಟಿಎಫ್ ನ್ಯೂಯಾರ್ಕ್‌ನಲ್ಲಿ ವಹಿವಾಟಾಗುತ್ತಲೇ ಇತ್ತು, ಎನ್‌ಎವಿಯಿಂದ ದೂರ ಸರಿಯಿತು. ಅಲ್ಲಿನ ಎನ್‌ಎವಿಯೂ ಹಳೆಯ ಬೆಲೆಯದ್ದೇ ಆಗಿತ್ತು ಎನ್ನುವುದನ್ನು ಮರೆಯಬಾರದು. 2020ರ ಮಾರ್ಚ್‌ನಲ್ಲಿ ಬಾಂಡ್ ಇಟಿಎಫ್‌ಗಳು ಎನ್‌ಎವಿಗಿಂತ ಕೆಳಗೆ ಹೋದಾಗಲೂ ಇದೇ ಗೊಂದಲ. ಬಾಂಡ್‌ಗಳ ವಹಿವಾಟೇ ಕಡಿಮೆಯಾಗಿ ಎನ್‌ಎವಿ ಹಿಂದೆ ಬಿದ್ದಿತ್ತು. ಇಟಿಎಫ್ ಬೆಲೆಯೇ ನಿಜಕ್ಕೆ ಹತ್ತಿರವಿತ್ತು ಎನ್ನುವವರೂ ಇದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಹಿಂದಿನ ದಿನದ ಎನ್‌ಎವಿ ನೋಡಿ ಸುಮ್ಮನಾಗಬೇಡಿ. ದಿನದ ಮಧ್ಯೆ ಪ್ರಕಟವಾಗುವ ಎನ್‌ಎವಿಯ ಆ ಹೊತ್ತಿನ ಅಂದಾಜು, ಅಂದರೆ ಐಎನ್‌ಎವಿಯನ್ನು ಮಾರುಕಟ್ಟೆ ಬೆಲೆಯ ಪಕ್ಕ ಇಡಿ. ಒಳಗಿನ ಷೇರುಗಳ ಪೇಟೆ ಆ ಹೊತ್ತಿಗೆ ತೆರೆದಿದೆಯೇ ಎಂದು ನೋಡಿ, ಮುಚ್ಚಿದ್ದರೆ ಐಎನ್‌ಎವಿಯನ್ನೂ ಪೂರ್ತಿ ನಂಬುವಂತಿಲ್ಲ. ಅಂತರ ವಾರಗಟ್ಟಲೆ ಒಂದೇ ಕಡೆಗೆ ನಿಂತಿದ್ದರೆ, ಫಂಡ್ ಹೊಸ ಯೂನಿಟ್ ಕೊಡುವುದನ್ನು ನಿಲ್ಲಿಸಿದೆಯೇ ಎಂದು ಅದರ ಪ್ರಕಟಣೆಗಳಲ್ಲಿ ಹುಡುಕಿ. ನಿಲ್ಲಿಸಿದ್ದರೆ, ನೀವು ಕೊಡುವ ಹೆಚ್ಚುವರಿ ಬೆಲೆ ಯೂನಿಟ್ ಕೊಡುವುದನ್ನು ಮತ್ತೆ ಶುರು ಮಾಡಿದ ದಿನವೇ ಕರಗಿ ಹೋಗಬಹುದು.