ನೈಟ್ ಡ್ಯೂಟಿ ಚೀಟಿಯನ್ನು ನಾಲ್ಕು ಭಾಗ ಮಾಡುವುದು ಹೇಗೆ?

ಬೆಳಿಗ್ಗೆ 8 ಗಂಟೆ, ಹೊರಗೆ ಕಕ್ಕಡದ ಮಳೆ, ಡೇ ಡ್ಯೂಟಿಯ ಸಿಸ್ಟರ್ ಒದ್ದೆ ಕೊಡೆ ಮಡಚುತ್ತಾ ಬರುತ್ತಾರೆ. ನೈಟ್ ಸಿಸ್ಟರ್‌ಗೆ ಕುಶಾಲನಗರದ ಬಸ್ಸು ಹಿಡಿಯುವ ಅವಸರ. ಆಗ ಜೇಬಿನಿಂದ ಒಂದು ಚೀಟಿ ಹೊರಗೆ ಬರುತ್ತದೆ. ಕೊಡಗಿನ ವಾರ್ಡುಗಳಲ್ಲಿ ಇಪ್ಪತ್ತು ವರ್ಷದಿಂದ ಇಂಥ ಚೀಟಿಗಳನ್ನು ನೋಡುತ್ತಿದ್ದೇನೆ. ಬರೆದಿರುವುದರಲ್ಲಿ ತಪ್ಪು ಇರುವುದಿಲ್ಲ, ಆದರೆ ಮುಖ್ಯವಾದದ್ದು ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ.

ಇದಕ್ಕೆ ಇರುವ ಕ್ರಮವೇ ಎಸ್‌ಬಾರ್. ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್. ಅಂದರೆ ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತಿದೆ, ಈಗ ಏನು ಮಾಡಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ, ಆಮೇಲೆ ಆಸ್ಪತ್ರೆಗೆ ಬಂತು. ಒಂದು ಚೀಟಿಯನ್ನೇ ಇಟ್ಟುಕೊಂಡು ಮಾಡಿ ನೋಡೋಣ. ರೋಗಿ ಕಲ್ಪನೆಯವರು, ಚೀಟಿ ಮಾತ್ರ ದಿನವೂ ನೋಡುವಂಥದ್ದೇ.

"ಬೆಡ್ 7. ಜ್ವರ ಕಡಿಮೆ. ನಿದ್ದೆ ಇಲ್ಲ, ಕಾಲು ನೋವು. ಡ್ರಿಪ್ 100 ಓಡ್ತಾ ಇದೆ. ಸೆಫ್ಟ್ರಿಯಾಕ್ಸೋನ್ ಕೊಟ್ಟಾಯ್ತು. ಬಿಪಿ 96/60, ಪಲ್ಸ್ 112, ಉಸಿರು 26, ಸ್ಯಾಚುರೇಶನ್ 94. ಯೂರಿನ್ 2ರಿಂದ 8 = 100. ಊಟ ಮಾಡಿಲ್ಲ. ಬ್ಲಡ್ ಕಳಿಸಿದೆ. ಹೆಂಡತಿ ಹೇಳಿದ್ರು, ಹೊರಗೆ ನೋವಿನ ಇಂಜೆಕ್ಷನ್ ಹಾಕಿಸಿದಾರಂತೆ. 7.10 ಡಾಕ್ಟರ್‌ಗೆ ಫೋನ್, ಬರ್ತೀನಿ ಅಂದ್ರು."

ರೋಗಿ ತೋಟದ ಲೈನ್ ಮನೆಯವರು, 46 ವರ್ಷ, ತೂಕ 60 ಕೆ.ಜಿ. ಗದ್ದೆ ಕೆಲಸಕ್ಕೆ ಹೋಗಿದ್ದವರು, ನಾಲ್ಕು ದಿನದಿಂದ ಜ್ವರ. ಇಲಿ ಜ್ವರ ಇರಬಹುದೆಂದು ನಿನ್ನೆ ಸಂಜೆ ಅಡ್ಮಿಟ್ ಮಾಡಿದ್ದಾರೆ.

ಮೊದಲು: ಸಿಚುಯೇಶನ್. ಒಂದೇ ವಾಕ್ಯ. ಯಾರು, ಯಾವ ಬೆಡ್, ಈಗಿನ ತೊಂದರೆ ಏನು. "ಬೆಡ್ 7, ಇಲಿ ಜ್ವರದ ಅನುಮಾನ, ರಾತ್ರಿ 2ರಿಂದ ಯೂರಿನ್ ತುಂಬಾ ಕಡಿಮೆ ಆಗಿದೆ, ಉಸಿರು ಜಾಸ್ತಿ ಆಗಿದೆ." ಇಲ್ಲಿ "ಜ್ವರ ಕಡಿಮೆ" ಎಂದು ಶುರು ಮಾಡಬೇಡಿ. ಕೇಳುವವರ ಮನಸ್ಸು ಅಲ್ಲೇ ಹಗುರಾಗಿಬಿಡುತ್ತದೆ.

ಎರಡು: ಬ್ಯಾಕ್‌ಗ್ರೌಂಡ್. ಎಷ್ಟು ದಿನದ ಜ್ವರ, ಯಾವ ಕೆಲಸ, ಏನೇನು ಔಷಧ ಕೊಟ್ಟಾಯ್ತು, ಅಲರ್ಜಿ ಇದೆಯೇ, ಅಷ್ಟು ಸಾಕು. ಆದರೆ ಹೆಂಡತಿ ಹೇಳಿದ ಆ ನೋವಿನ ಇಂಜೆಕ್ಷನ್ ಇಲ್ಲಿ ಬರಲೇಬೇಕು. ಅದು ಡೈಕ್ಲೋಫೆನಾಕ್ ಆಗಿದ್ದರೆ, ಇಲಿ ಜ್ವರದಲ್ಲಿ ಮೊದಲೇ ಸೊರಗಿದ ಕಿಡ್ನಿಗೆ ಇನ್ನೂ ಹೊಡೆತ. ಇಂಜೆಕ್ಷನ್ ಹೆಸರು ಅವರಿಗೆ ಗೊತ್ತಿಲ್ಲದಿದ್ದರೆ "ಹೆಸರು ಗೊತ್ತಿಲ್ಲ" ಎಂದೇ ಬರೆಯಿರಿ. ಊಹಿಸಿ ಒಂದು ಹೆಸರು ಬರೆಯಬೇಡಿ.

ಮೂರು: ಅಸೆಸ್‌ಮೆಂಟ್. ಎಲ್ಲರೂ ಎಡವುವುದು ಇಲ್ಲೇ. ಕೆಲವರು ಎಲ್ಲ ನಂಬರ್‌ಗಳನ್ನು ಸಾಲಾಗಿ ಬರೆದು ಮುಗಿಸುತ್ತಾರೆ. ಕೆಲವರು "ಸ್ಟೇಬಲ್" ಎಂದು ಒಂದೇ ಪದ ಹಾಕುತ್ತಾರೆ. ಹೊಸಬರು ಜಾಗ ಖಾಲಿ ಬಿಡುತ್ತಾರೆ, "ರೋಗ ಏನು ಅಂತ ಹೇಳೋಕೆ ನಾನು ಡಾಕ್ಟರಾ ಅಕ್ಕಾ?" ಎಂದು ನನ್ನನ್ನೇ ಕೇಳುತ್ತಾರೆ. ರೋಗದ ಹೆಸರು ಯಾರೂ ಕೇಳುತ್ತಿಲ್ಲ. ಹನ್ನೆರಡು ಗಂಟೆ ಆ ಬೆಡ್ಡಿನ ಪಕ್ಕದಲ್ಲಿ ಇದ್ದದ್ದು ನೀವು. ರಾತ್ರಿಗಿಂತ ಈಗ ಚೆನ್ನಾಗಿದ್ದಾರಾ, ಕೆಟ್ಟಿದ್ದಾರಾ, ಅದನ್ನು ಹೇಳಬಲ್ಲವರು ನೀವೊಬ್ಬರೇ.

ಹೀಗೆ ಮಾಡಿ. ಚೀಟಿಯಲ್ಲಿ ಯಾವ ನಂಬರ್ ರಾತ್ರಿಯಿಂದ ಬದಲಾಗಿದೆಯೋ ಅದರ ಸುತ್ತ ಮಾತ್ರ ವೃತ್ತ ಹಾಕಿ, ಪಕ್ಕದಲ್ಲಿ ರಾತ್ರಿ 8ರ ನಂಬರ್ ಬರೆಯಿರಿ. ಬೆಡ್ 7ಕ್ಕೆ ಹೀಗೆ ಬಂತು: ಬಿಪಿ 110/70 ಇದ್ದದ್ದು 96/60. ಪಲ್ಸ್ 96 ಇದ್ದದ್ದು 112. ಉಸಿರು 20 ಇದ್ದದ್ದು 26. ಸ್ಯಾಚುರೇಶನ್ 97 ಇದ್ದದ್ದು 94. ಸುಮ್ನೆ 94 ಎಂದು ಓದಿದರೆ ಯಾರಿಗೂ ಗಾಬರಿ ಆಗುವುದಿಲ್ಲ. 97ರಿಂದ ಇಳಿದು 94 ಎಂದಾಗ ಮಾತು ಬೇರೆ.

ಯೂರಿನ್‌ಗೆ ಇನ್ನೊಂದು ಲೆಕ್ಕ ಬೇಕು. ದೊಡ್ಡವರಿಗೆ ತೂಕದ ಒಂದೊಂದು ಕೆ.ಜಿ.ಗೆ ಗಂಟೆಗೆ ಕನಿಷ್ಠ ಅರ್ಧ ಎಂ.ಎಲ್. ಆದರೂ ಬರಬೇಕು. 60 ಕೆ.ಜಿ.ಗೆ ಗಂಟೆಗೆ 30, ಆರು ಗಂಟೆಗೆ 180. ಇವರಿಗೆ ಬಂದದ್ದು 100, ಅದೇ ಹೊತ್ತಿನಲ್ಲಿ ಒಳಗೆ ಹೋದ ಡ್ರಿಪ್ ಗಂಟೆಗೆ 100ರಂತೆ 600. ಈ ಎರಡು ನಂಬರ್ ಅಕ್ಕಪಕ್ಕ ಇರಬೇಕು. ಬರೆಯುವ ಮೊದಲು ಕ್ಯಾತಿಟರ್ ಟ್ಯೂಬ್ ಎಲ್ಲೂ ಮಡಚಿಲ್ಲ, ಬ್ಯಾಗ್ ಕೆಳಗೇ ಇದೆ, ಕಿಬ್ಬೊಟ್ಟೆ ಉಬ್ಬಿಲ್ಲ ಎಂದು ಒಮ್ಮೆ ನೋಡಿಬಿಡಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಅದು.

ಹಿಂದೊಮ್ಮೆ, ಬೇರೊಂದು ಆಸ್ಪತ್ರೆಯಲ್ಲಿ, ನಾನೇ "ಯೂರಿನ್ ಸ್ವಲ್ಪ ಕಡಿಮೆ" ಎಂದು ಹೇಳಿ ಮನೆಗೆ ಹೋಗಿದ್ದೆ. ಆ "ಸ್ವಲ್ಪ" ಕೇಳಿದವರಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಅದನ್ನು ಗಮನಿಸಿದ್ದು 11 ಗಂಟೆಗೆ. ಆವತ್ತಿನಿಂದ ನಾನು ಆ ಪದ ಬಳಸಿಲ್ಲ, ನೀವೂ ಬಳಸಬೇಡಿ.

ಕೊನೆಗೆ ಒಂದು ವಾಕ್ಯ, ನಿಮ್ಮದೇ ಮಾತಿನಲ್ಲಿ: "ರಾತ್ರಿಗಿಂತ ಕೆಟ್ಟಿದ್ದಾರೆ, ಕಿಡ್ನಿ ಮತ್ತು ಉಸಿರು ಎರಡೂ ಭಯ ಆಗುತ್ತಿದೆ." ಕಾರಣ ತಿಳಿಯದಿದ್ದರೆ "ಕಾರಣ ಗೊತ್ತಾಗುತ್ತಿಲ್ಲ, ಆದರೆ ಇಳಿಯುತ್ತಿದ್ದಾರೆ" ಎಂದರೂ ಪೂರ್ತಿ ಅಸೆಸ್‌ಮೆಂಟೇ. ನಾನಂತೂ ಬರೆಯುವಾಗ ಈ ವಾಕ್ಯವನ್ನೇ ಮೊದಲು ಬರೆಯುತ್ತೇನೆ, ಉಳಿದ ಮೂರು ಭಾಗ ಆಮೇಲೆ. ಇದು ಗೊತ್ತಾಗಿದ್ದರೆ ಏನು ಬಿಡಬೇಕು, ಏನು ಇಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ನಿದ್ದೆ, ಊಟ, ಕಾಲು ನೋವು ನರ್ಸಿಂಗ್ ನೋಟ್ಸ್‌ನಲ್ಲಿ ಇದ್ದರೆ ಸಾಕು.

ಅಂದಹಾಗೆ, ಟಿಕ್ ಹಾಕುವ ರೆಡಿಮೇಡ್ ಹಾಳೆಗಳು ಬಂದಿವೆ. ಅಸೆಸ್‌ಮೆಂಟ್ ಜಾಗದಲ್ಲಿ "ಸ್ಟೇಬಲ್ / ಅನ್‌ಸ್ಟೇಬಲ್" ಎಂದು ಎರಡು ಚೌಕ. ತಗೊಳ್ಳಬೇಡಿ. ಖಾಲಿ ಎ-4 ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರೆ ಅದಕ್ಕಿಂತ ಎಷ್ಟೋ ಚೆನ್ನ. ಜೆಲ್ ಪೆನ್ನೂ ಬೇಡ, ಮಳೆಗಾಲದ ಒದ್ದೆ ಕೈಗೆ, ಸ್ಯಾನಿಟೈಸರ್‌ಗೆ 6 ಯಾವುದು 8 ಯಾವುದು ತಿಳಿಯದ ಹಾಗೆ ಹರಡುತ್ತದೆ. ಬಾಲ್ ಪೆನ್ ಇರಲಿ.

ನಾಲ್ಕು: ರೆಕಮೆಂಡೇಶನ್. "ಡಾಕ್ಟರ್‌ಗೆ ಹೇಳಿ" ಎಂದರೆ ಏನೂ ಹೇಳಿದ ಹಾಗಲ್ಲ. ಯಾರು, ಏನು, ಎಷ್ಟು ಗಂಟೆಯೊಳಗೆ, ಮೂರೂ ಬೇಕು. "7.10ಕ್ಕೆ ಡ್ಯೂಟಿ ಡಾಕ್ಟರ್‌ಗೆ ಹೇಳಿದ್ದೇನೆ, ಬಂದಿಲ್ಲ. 8.15ರೊಳಗೆ ಬರದಿದ್ದರೆ ನೇರವಾಗಿ ಫಿಸಿಷಿಯನ್‌ಗೆ ಫೋನ್ ಮಾಡಿ. ಡ್ರಿಪ್ ಎಷ್ಟಕ್ಕೆ ಇಡಬೇಕು ಎಂದು ಕೇಳಿ. ಯೂರಿನ್ ಪ್ರತಿ ಗಂಟೆ ಅಳೆಯಿರಿ. ಡಾಕ್ಟರ್ ನೋಡುವವರೆಗೆ ನೋವಿನ ಇಂಜೆಕ್ಷನ್ ಬೇಡ. ಕ್ರಿಯಾಟಿನಿನ್ ರಿಪೋರ್ಟ್ ಲ್ಯಾಬ್‌ನಿಂದ ಕೇಳಿ ತರಿಸಿ."

ಡ್ರಿಪ್ ವಿಷಯ ಏಕೆ ಕೇಳಲೇಬೇಕು ಅಂದರೆ, ಬಿಪಿ ನೋಡಿದರೆ ಜಾಸ್ತಿ ಮಾಡಬೇಕು ಅನ್ನಿಸುತ್ತದೆ, ಉಸಿರು ನೋಡಿದರೆ ಕಡಿಮೆ ಮಾಡಬೇಕು ಅನ್ನಿಸುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಡಾಕ್ಟರ್ ತೀರ್ಮಾನ ಮಾಡಬೇಕಾದ ವಿಷಯ ಅದು. ನಿಜ ಹೇಳಬೇಕೆಂದರೆ ಈ ಫೋನ್ 7.10ಕ್ಕೆ ಹೋದದ್ದೇ ತಡ. ಎರಡು ಗಂಟೆ ಸತತವಾಗಿ 30ಕ್ಕಿಂತ ಕಡಿಮೆ ಬಂದಾಗ, ಅಂದರೆ 4 ಗಂಟೆಗೇ, ಇದೇ ನಾಲ್ಕು ಭಾಗದಲ್ಲಿ ಫೋನಿನಲ್ಲಿ ಹೇಳಬೇಕಿತ್ತು. ಹ್ಯಾಂಡೋವರ್‌ವರೆಗೆ ಕಾಯುವ ವಿಷಯ ಇದಲ್ಲ.

ಓದಿ ಮುಗಿದ ಮೇಲೆ ಡೇ ಸಿಸ್ಟರ್ ಕೈಯಲ್ಲಿ ತಿರುಗಿ ಹೇಳಿಸಿ, ಕಡೇಪಕ್ಷ ನಾಲ್ಕನೇ ಭಾಗವನ್ನಾದರೂ. "8.15, ಫಿಸಿಷಿಯನ್, ಡ್ರಿಪ್ ಕೇಳಬೇಕು, ಗಂಟೆಗೊಮ್ಮೆ ಯೂರಿನ್, ನೋವಿನ ಇಂಜೆಕ್ಷನ್ ಬೇಡ, ರಿಪೋರ್ಟ್" ಎಂದು ಅವರು ಹೇಳಿದ ಮೇಲೆ ಕೊಡೆ ತಗೊಳ್ಳಿ. ಅವಸರವಿದೆ ಎಂದು ಚೀಟಿಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪ್‌ಗೆ ಹಾಕಿ ಹೊರಡುವುದು ಬೇಡ. ರೋಗಿಯ ವಿಷಯ ಊರೆಲ್ಲ ಸುತ್ತುತ್ತದೆ, ಓದಿದರೋ ಇಲ್ಲವೋ ಅದೂ ತಿಳಿಯುವುದಿಲ್ಲ. ಕೇಸ್ ಶೀಟ್‌ಗೆ ಎಲ್ಲ ಏರಿಸಿದ ಮೇಲೆ ಚೀಟಿಯನ್ನು ಸಣ್ಣಗೆ ಹರಿದು ವಾರ್ಡಿನಲ್ಲೇ ಬಿಸಾಡಿ, ಯೂನಿಫಾರ್ಮ್ ಜೇಬಿನಲ್ಲಿ ಮನೆಗೆ ಹೋಗಬಾರದು.