ಒಪ್ಪಿಗೆ ಪಡೆದದ್ದನ್ನು ಪೇಪರಿನಲ್ಲಿ ಬರೆಯುವುದು ಹೇಗೆ?

‘ಎಥಿಕ್ಸ್ ಕಮಿಟಿಯ ಅನುಮತಿ ಪಡೆಯಲಾಗಿದೆ. ಭಾಗವಹಿಸಿದ ಎಲ್ಲರಿಂದಲೂ ಒಪ್ಪಿಗೆ ಪಡೆಯಲಾಗಿದೆ.’

ಪಿಜಿ ವಿದ್ಯಾರ್ಥಿಗಳು ತಿದ್ದಿಕೊಡಿ ಎಂದು ತರುವ ಪೇಪರುಗಳಲ್ಲಿ ಈ ಎರಡು ಸಾಲು ನನಗೆ ಬಾಯಿಪಾಠವಾಗಿಬಿಟ್ಟಿವೆ. ತಪ್ಪೇನೂ ಇಲ್ಲ, ಆದರೆ ಇವು ಏನನ್ನೂ ಹೇಳುವುದಿಲ್ಲ. ಯಾವ ಕಮಿಟಿ? ಯಾವಾಗ? ಒಪ್ಪಿದವರು ಯಾರು, ಹೇಗೆ? ಜರ್ನಲ್‌ನವರು ಕೇಳುವುದು ಇದನ್ನೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಬ್ಬ ಪಿಜಿ ವಿದ್ಯಾರ್ಥಿನಿ ಎರಡು ಸರ್ಕಾರಿ ಪ್ರೌಢಶಾಲೆಗಳಲ್ಲಿ 13ರಿಂದ 16 ವರ್ಷದ ಹುಡುಗಿಯರ ರಕ್ತಹೀನತೆಯ ಅಧ್ಯಯನ ಮಾಡಿದ್ದಾಳೆ ಎಂದುಕೊಳ್ಳಿ. ಊಟ-ತಿಂಡಿಯ ಬಗ್ಗೆ ಪ್ರಶ್ನೆ ಕೇಳುವುದು, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಹಿಮೋಗ್ಲೋಬಿನ್ ನೋಡುವುದು. ಕೆಲಸ ಇಷ್ಟೇ.

ಬರೆಯಲು ಕೂರುವ ಮೊದಲು ಅನುಮತಿ ಪತ್ರ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ನೆನಪಿನಿಂದ ಬರೆಯಬೇಡಿ. ಕಮಿಟಿಯ ಪೂರ್ತಿ ಹೆಸರು, ಪತ್ರದ ಸಂಖ್ಯೆ, ಅನುಮತಿಯ ದಿನಾಂಕ, ಮೂರನ್ನೂ ಪತ್ರದಲ್ಲಿ ಇರುವ ಹಾಗೆಯೇ ಇಳಿಸಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಇಂಥ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಜರ್ನಲ್ ಕೇಳಿದರೆ ಆ ನೋಂದಣಿ ಸಂಖ್ಯೆಯನ್ನೂ ಸೇರಿಸಿ.

ಇಲ್ಲೇ ಒಂದು ಗೊಂದಲ ಆಗುತ್ತದೆ. ಶಾಲೆಗೆ ಹೋಗಲು ಬಿಇಒ ಕಚೇರಿಯಿಂದ ಪತ್ರ ತಂದಿರುತ್ತಾರೆ, ಹೆಡ್‌ಮಾಸ್ತರರ ಸಹಿಯೂ ಇರುತ್ತದೆ. ಅದನ್ನೇ ‘ಅನುಮತಿ’ ಎಂದು ಬರೆದುಬಿಡುತ್ತಾರೆ. ಅದು ಶಾಲೆಯ ಗೇಟು ದಾಟಲು ಸಿಕ್ಕ ಅನುಮತಿ. ಮಕ್ಕಳ ಬೆರಳಿಗೆ ಸೂಜಿ ಚುಚ್ಚಬಹುದೇ ಎಂದು ಅಪಾಯ-ಪ್ರಯೋಜನ ತೂಗಿ ನೋಡಿದ್ದು ಎಥಿಕ್ಸ್ ಕಮಿಟಿ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಸಾಲಿನಲ್ಲಿ.

ಇನ್ನು ದಿನಾಂಕ. ಜಾಸ್ತಿ ಜನ ಎಡವುವುದು ಇಲ್ಲಿ, ನಾನೂ ಎಡವಿದ್ದೇನೆ. ನನ್ನ ಮೊದಲ ಪೇಪರಿನಲ್ಲಿ 30 ಮಂದಿಯ ಮಾಹಿತಿಯನ್ನು ಕಮಿಟಿಯ ಪತ್ರ ಕೈಗೆ ಬರುವ ಎರಡು ವಾರ ಮೊದಲೇ ಕಲೆಹಾಕಿದ್ದೆ. ಸುಮ್ನೆ ಪ್ರಶ್ನಾವಳಿ ಹೇಗಿದೆ ಎಂದು ನೋಡಲು ಮಾಡಿದ ಪೈಲಟ್ ಅದು. ಉತ್ತರಗಳು ಚೆನ್ನಾಗಿ ಬಂದವು, ಮುಖ್ಯ ಅಧ್ಯಯನದೊಳಗೇ ಸೇರಿಸಿಬಿಟ್ಟೆ. ರಿವ್ಯೂವರ್ ಮಾಡಿದ್ದು ಇಷ್ಟೇ: ಅನುಮತಿಯ ದಿನಾಂಕವನ್ನೂ ಮಾಹಿತಿ ಸಂಗ್ರಹ ಶುರುವಾದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆ 30 ಮಂದಿಯನ್ನು ತೆಗೆದು ಎಲ್ಲ ಲೆಕ್ಕ ಮತ್ತೆ ಹಾಕಬೇಕಾಯಿತು. ಪೈಲಟ್‌ನಲ್ಲಿ ಕೂತವರೂ ಮನುಷ್ಯರೇ ಅಲ್ವಾ? ಅವರನ್ನು ಮಾತಾಡಿಸುವುದಕ್ಕೂ ಮೊದಲೇ ಅನುಮತಿ ಬೇಕು. ಕೆಲಸ ಮುಗಿದ ಮೇಲೆ ಹೋಗಿ ಹಿಂದಿನ ದಿನಗಳಿಗೂ ಅನುಮತಿ ಕೊಡಿ ಎಂದು ಕೇಳುವ ಹಾಗಿಲ್ಲ.

ನಡುವೆ ಯೋಜನೆ ಬದಲಾಗಿದ್ದರೆ ಅದನ್ನೂ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಮೊದಲು ಬರೀ ಪ್ರಶ್ನಾವಳಿಗೆ ಅನುಮತಿ ಪಡೆದು, ಗೈಡ್ ಹೇಳಿದರೆಂದು ಆಮೇಲೆ ರಕ್ತ ಪರೀಕ್ಷೆ ಸೇರಿಸಿದ್ದರೆ, ಆ ಬದಲಾವಣೆಗೆ ಇನ್ನೊಂದು ಅನುಮತಿ ಬೇಕು. ಪೇಪರಿನಲ್ಲಿ ಎರಡು ದಿನಾಂಕವೂ ಕಾಣಬೇಕು.

ಈಗ ಒಪ್ಪಿಗೆಯ ವಿಷಯ. ‘ಭಾಗವಹಿಸಿದ ಎಲ್ಲರಿಂದಲೂ’ ಎಂಬ ಮಾತು ಇಲ್ಲಿ ನಿಲ್ಲುವುದೇ ಇಲ್ಲ. ಹುಡುಗಿಯರಿಗೆ 18 ಆಗಿಲ್ಲ. ಹಾಗಾಗಿ ಒಪ್ಪಿಗೆ ಕೊಡಬೇಕಾದವರು ತಂದೆ, ತಾಯಿ ಅಥವಾ ಪೋಷಕರು. ಹಾಗೆಂದು ಹುಡುಗಿಯನ್ನು ಕೇಳದೆ ಇರುವಂತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಮಕ್ಕಳ ಸಮ್ಮತಿಗೆ ‘ಅಸೆಂಟ್’ ಎಂಬ ಬೇರೆ ಹೆಸರನ್ನೇ ಕೊಟ್ಟಿದೆ. 7ರಿಂದ 12 ವರ್ಷದವರಿಂದ ಅದನ್ನು ಬಾಯಿಮಾತಿನಲ್ಲಿ ಪಡೆಯಬಹುದು, 12 ದಾಟಿದವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಅಪ್ಪ ಸಹಿ ಹಾಕಿದ್ದರೂ ಹುಡುಗಿ ‘ನನಗೆ ಸೂಜಿ ಬೇಡ’ ಎಂದರೆ ಅವಳನ್ನು ಬಿಡಬೇಕು, ಬಿಟ್ಟದ್ದನ್ನು ಬರೆಯಬೇಕು. ಹೀಗೆ ‘ಬೇಡ’ ಎಂದವರ ಸಂಖ್ಯೆ ಇದ್ದರೆ, ಮಕ್ಕಳನ್ನು ನಿಜವಾಗಿಯೂ ಕೇಳಿದ್ದಾರೆ ಎಂದು ಓದುವವರಿಗೆ ಗೊತ್ತಾಗುತ್ತದೆ.

ಓದಲು ಬಾರದ ತಾಯಂದಿರೂ ಇರುತ್ತಾರೆ. ಅವರಿಗೆ ಮಾಹಿತಿ ಪತ್ರ ಕೊಟ್ಟು ‘ಇಲ್ಲಿ ಹೆಬ್ಬೆಟ್ಟು ಒತ್ತಮ್ಮ’ ಎಂದರೆ ಅದು ಒಪ್ಪಿಗೆಯಲ್ಲ. ಅಧ್ಯಯನ ತಂಡಕ್ಕೆ ಸೇರದ, ಓದುಬರಹ ಬಲ್ಲ ಒಬ್ಬ ಸಾಕ್ಷಿಯ ಎದುರು ಪೂರ್ತಿ ಓದಿ ಹೇಳಬೇಕು. ಆಮೇಲೆ ತಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ. ಯಾವ ಭಾಷೆಯಲ್ಲಿ ಓದಿ ಹೇಳಿದಿರಿ ಎಂಬುದನ್ನೂ ಪೇಪರಿನಲ್ಲಿ ಬರೆಯಿರಿ. ಶಾಲೆ ಕನ್ನಡದ್ದೇ ಇರಬಹುದು, ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಮಾತಾಡುವವರು ಇರಬಹುದು.

ಇಷ್ಟನ್ನೂ ಸೇರಿಸಿದರೆ ಪ್ಯಾರಾ ಹೀಗಾಗುತ್ತದೆ. ಸಂಖ್ಯೆಗಳು ನಾನು ಕಟ್ಟಿದವು. ಇಂಗ್ಲಿಷ್‌ನಲ್ಲಿ ಬರೆಯುವಾಗಲೂ ಇದೇ ಕ್ರಮ ಸಾಕು:

‘ಈ ಅಧ್ಯಯನಕ್ಕೆ ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ 2023ರ ಜೂನ್ 14ರಂದು ಅನುಮತಿ ನೀಡಿತು (ಪತ್ರ ಸಂಖ್ಯೆ 47/2023). ಶಾಲೆಗಳಿಗೆ ಹೋಗಲು ಬಿಇಒ ಮತ್ತು ಮುಖ್ಯೋಪಾಧ್ಯಾಯರ ಅನುಮತಿ ಪಡೆದೆವು. 2023ರ ಜುಲೈ 3ರಿಂದ ಸೆಪ್ಟೆಂಬರ್ 16ರವರೆಗೆ ಮಾಹಿತಿ ಸಂಗ್ರಹಿಸಿದೆವು. ಒಟ್ಟು 262 ಹುಡುಗಿಯರ ಪೋಷಕರಿಗೆ ಕನ್ನಡದ ಅಥವಾ ಉರ್ದುವಿನ ಮಾಹಿತಿ ಪತ್ರ ಕೊಟ್ಟು, ಪೋಷಕರ ಸಭೆಯಲ್ಲಿ ವಿವರಿಸಿದೆವು. 9 ಹುಡುಗಿಯರ ಪೋಷಕರು ಒಪ್ಪಲಿಲ್ಲ. ಒಪ್ಪಿದವರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರು. ಇವರಲ್ಲಿ ಓದಲು ಬಾರದ 31 ಮಂದಿಗೆ ತಂಡದ ಹೊರಗಿನ ಸಾಕ್ಷಿಯ ಎದುರು ಪತ್ರ ಓದಿ ಹೇಳಿ, ಹೆಬ್ಬೆಟ್ಟು ಮತ್ತು ಸಾಕ್ಷಿಯ ಸಹಿ ಪಡೆದೆವು. ಪೋಷಕರು ಒಪ್ಪಿದ್ದರೂ 5 ಹುಡುಗಿಯರು ಬೇಡವೆಂದರು. ಅವರನ್ನು ಸೇರಿಸಲಿಲ್ಲ. ಉಳಿದ 248 ಹುಡುಗಿಯರಿಂದ ಲಿಖಿತ ಅಸೆಂಟ್ ಪಡೆದೆವು. ರಕ್ತಹೀನತೆ ಕಂಡವರಿಗೂ ಅವರ ಪೋಷಕರಿಗೂ ಫಲಿತಾಂಶವನ್ನು ಪ್ರತ್ಯೇಕವಾಗಿ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು.’

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯನ್ನು ಪಾಲಿಸಿದ್ದೇವೆ ಎಂಬ ಸಾಲನ್ನು ಕೆಲವು ಜರ್ನಲ್‌ಗಳು ಬೇಕೆನ್ನುತ್ತವೆ. ಹಾಕಿ, ಆದರೆ ಇಸವಿ ನೋಡಿ ಹಾಕಿ. 1964ರ ಆ ಘೋಷಣೆ ಹಲವು ಸಲ ಪರಿಷ್ಕರಣೆ ಆಗಿದೆ. 2024ರಲ್ಲಿ ಹೊಸ ಆವೃತ್ತಿ ಬಂತು. 2023ರಲ್ಲಿ ನಡೆದ ಅಧ್ಯಯನಕ್ಕೆ ಆಗ ಜಾರಿಯಲ್ಲಿದ್ದದ್ದು 2013ರದ್ದು. ಹಳೆ ಪೇಪರಿನಿಂದ ಕಾಪಿ ಮಾಡಿದ ಸಾಲು ಇಲ್ಲಿ ಸಿಕ್ಕಿಬೀಳುತ್ತದೆ.

ಆಸ್ಪತ್ರೆಯ ಹಳೆ ಕೇಸ್ ಶೀಟ್ ನೋಡಿ ಮಾಡಿದ ಅಧ್ಯಯನದಲ್ಲಿ ಒಪ್ಪಿಗೆ ಕೇಳಲು ರೋಗಿಗಳು ಎದುರಿಗೆ ಇರುವುದಿಲ್ಲ. ಅಂಥ ಕಡೆ ‘ಒಪ್ಪಿಗೆ ಬೇಕಿರಲಿಲ್ಲ’ ಎಂದು ನೀವೇ ತೀರ್ಮಾನಿಸಿ ಬರೆಯಬೇಡಿ. ಬೇಕೋ ಬೇಡವೋ ಎಂದು ಹೇಳಬೇಕಾದದ್ದು ಕಮಿಟಿ. ‘ಹೆಸರು, ವಿಳಾಸ ತೆಗೆದ ದಾಖಲೆಗಳನ್ನು ಮಾತ್ರ ಬಳಸಿದ್ದರಿಂದ ಕಮಿಟಿ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿತು’ ಎಂದು, ಕಾರಣವನ್ನೂ ಸೇರಿಸಿ ಬರೆಯಿರಿ. ಇನ್ನು ಪೇಪರಿನಲ್ಲಿ ಯಾರದ್ದಾದರೂ ಫೋಟೋ ಇದ್ದರೆ ಅದನ್ನು ಪ್ರಕಟಿಸಲು ಬೇರೆಯೇ ಒಪ್ಪಿಗೆ ಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಊರಿನವರಿಗೆ ಗುರುತು ಸಿಕ್ಕೇ ಸಿಗುತ್ತದೆ.

ಕಳುಹಿಸುವ ಮೊದಲು ಒಪ್ಪಿಗೆ ಪತ್ರಗಳ ಕಟ್ಟು ಬಿಚ್ಚಿ ಒಂದು ಸಲ ಎಣಿಸಿ. ಪೇಪರಿನಲ್ಲಿ 248 ಎಂದಿದ್ದು, ಪೋಷಕರ ಸಹಿ ಇರುವ ಪತ್ರ 247 ಮಾತ್ರ ಸಿಕ್ಕರೆ, ಮೊದಲು ಹುಡುಕಿ. ಸಿಗದಿದ್ದರೆ ಕಮಿಟಿಗೆ ತಿಳಿಸಿ. ಆ ಒಬ್ಬಳ ಮಾಹಿತಿಯನ್ನು ಕೈಬಿಡಿ ಎಂದು ಅವರು ಹೇಳಿದರೆ ಪ್ಯಾರಾದಲ್ಲಿ ಒಂದಂಕಿ ತಿದ್ದಿದರೆ ಮುಗಿಯಲಿಲ್ಲ. ಮೊದಲ ಟೇಬಲ್‌ನಿಂದ ಕೊನೆಯ ಶೇಕಡಾವಾರಿನವರೆಗೆ ಎಲ್ಲವನ್ನೂ 247ರ ಲೆಕ್ಕದಲ್ಲಿ ಮತ್ತೆ ಹಾಕಬೇಕು.