ಒಂದು ಮೂಟೆ ಸಿಮೆಂಟಿಗೆ ಸರಿಹೊಂದುವ ಅಳತೆ ಪೆಟ್ಟಿಗೆ

‘ಒಂದು ಮೂಟೆಗೆ ಇಷ್ಟು ಬಾಂಡ್ಲಿ ಮರಳು, ಇಷ್ಟು ಬಾಂಡ್ಲಿ ಜಲ್ಲಿ’ ಎಂಬ ಲೆಕ್ಕದಲ್ಲಿ ಕಾಂಕ್ರೀಟ್ ಕಲಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಬೆಳಿಗ್ಗೆ ತುಂಬುವ ಬಾಂಡ್ಲಿಯ ಗುಡ್ಡೆ ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಬಾಂಡ್ಲಿ ಹೊರುವುದಕ್ಕೆ ಇರಲಿ, ಅಳೆಯುವುದಕ್ಕೆ ಪೆಟ್ಟಿಗೆ ಮಾಡಿಸಿ.

ಲೆಕ್ಕ ಸಿಮೆಂಟಿನಿಂದ ಶುರುವಾಗಬೇಕು. ಸಡಿಲವಾಗಿ ಸುರಿದ ಸಿಮೆಂಟ್ ಲೀಟರಿಗೆ ಸುಮಾರು 1.44 ಕಿಲೋ ತೂಗುತ್ತದೆ ಎಂದು ಹಿಡಿಯುತ್ತಾರೆ. 50 ಕಿಲೋ ಮೂಟೆ ಅಂದರೆ ಹತ್ತಿರ ಹತ್ತಿರ 35 ಲೀಟರ್. ನಿಮ್ಮ ಮೂಟೆಯ ತೂಕ ಬೇರೆಯಿದ್ದರೆ ಅದನ್ನೇ 1.44ರಿಂದ ಭಾಗಿಸಿ. ಸಿಮೆಂಟನ್ನು ಮಾತ್ರ ಪೆಟ್ಟಿಗೆಯಲ್ಲಿ ಅಳೆಯಬೇಡಿ. ಕುಲುಕಿದರೆ ಕುಸಿಯುತ್ತದೆ, ಸುರಿದರೆ ಉಬ್ಬುತ್ತದೆ; ಇಡೀ ಮೂಟೆಯೇ ಅದರ ಅಳತೆ.

1:1.5:3 ಮಿಶ್ರಣ ತೆಗೆದುಕೊಳ್ಳೋಣ. ಮರಳು 52.5 ಲೀಟರ್, ಜಲ್ಲಿ 105 ಲೀಟರ್ ಬೇಕು. 35 ಲೀಟರಿನ ಪೆಟ್ಟಿಗೆ ಮಾಡಿಸಿದರೆ ಮರಳಿಗೆ ಒಂದೂವರೆ ಪೆಟ್ಟಿಗೆ. ಆ ‘ಅರ್ಧ’ ಎಲ್ಲಿಗೆ ಬರುತ್ತದೆ ಎಂಬುದು ತುಂಬುವವನ ಕಣ್ಣಳತೆಗೆ ಬಿಟ್ಟದ್ದು. ಜೊತೆಗೆ ತುಂಬಿದ ಪೆಟ್ಟಿಗೆ 55 ಕಿಲೋ ದಾಟುತ್ತದೆ. ಅದಕ್ಕೇ ನನ್ನ ಮಾತು: ಅದರರ್ಧ, 17.5 ಲೀಟರಿನದು ಮಾಡಿಸಿ. ಆಗ ಮರಳು ಮೂರು ಪೆಟ್ಟಿಗೆ, ಜಲ್ಲಿ ಆರು.

ಒಳ ಅಳತೆ 25 × 25 ಸೆಂ.ಮೀ., ಎತ್ತರ 28 ಸೆಂ.ಮೀ. ಇಟ್ಟರೆ ಸರಿಯಾಗಿ 17.5 ಲೀಟರ್. ಅಗಲ ಬಾಯಿಯ ತಗ್ಗು ಪೆಟ್ಟಿಗೆ ಬೇಡ. ಬಾಯಿ ದೊಡ್ಡದಾದಷ್ಟೂ ಮೇಲೆ ನಿಲ್ಲುವ ಗುಡ್ಡೆಯೂ ದೊಡ್ಡದು. ಬಡಗಿಗೆ ‘ಒಳಗಿನ ಅಳತೆ’ ಎಂದು ಎರಡು ಸಲ ಹೇಳಿ. 12 ಮಿ.ಮೀ. ಪ್ಲೈವುಡ್‌ನಲ್ಲಿ ಇದೇ ಅಳತೆಯನ್ನು ಹೊರಗಿನಿಂದ ಹಿಡಿದರೆ ಒಳಗೆ ಉಳಿಯುವುದು 13.7 ಲೀಟರ್ ಮಾತ್ರ. ಸಿದ್ಧ ಪೆಟ್ಟಿಗೆ ಕೊಂಡರೂ ಮೇಲೆ ಬರೆದದ್ದನ್ನು ನಂಬಬೇಡಿ: ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ಅಳೆದು ಸುರಿಯಿರಿ, ಹದಿನೇಳೂವರೆ ಲೀಟರಿಗೆ ಅಂಚು ಮುಟ್ಟಬೇಕು. ಹಿಡಿಕೆ ಹೇಗಾದರೂ ಇರಲಿ.

ಇಷ್ಟರವರೆಗೆ ಸರಿಯಾಗಿ ಮಾಡಿದವರೂ ಎಡವುವುದು ಮರಳಿನಲ್ಲಿ. ಒದ್ದೆ ಮರಳು ಉಬ್ಬುತ್ತದೆ. ಕಣಗಳ ಸುತ್ತ ಅಂಟಿದ ತೆಳು ನೀರು ಅವನ್ನು ಒಂದಕ್ಕೊಂದು ಒತ್ತಿ ಕೂರಲು ಬಿಡುವುದಿಲ್ಲ. ಪೂರ್ತಿ ಒಣಗಿದ ಮರಳಿಗೂ ನೀರಲ್ಲಿ ಮುಳುಗಿದ ಮರಳಿಗೂ ಈ ತೊಂದರೆ ಇಲ್ಲ. ಜಲ್ಲಿ ಉಬ್ಬುವುದು ಲೆಕ್ಕಕ್ಕಿಲ್ಲದಷ್ಟು. ಮೇಲಿನ ಲೆಕ್ಕವೆಲ್ಲ ಒಣ ಮರಳಿಗೆ ಹೇಳಿದ್ದು, ರಾಶಿಯಲ್ಲಿರುವುದೋ ಸಾಮಾನ್ಯವಾಗಿ ಒದ್ದೆಯದು.

ಎಷ್ಟು ಉಬ್ಬಿದೆ ಎಂದು ತಿಳಿಯಲು ನೇರ ಗೋಡೆಯ ಒಂದು ಡಬ್ಬ ಸಾಕು. ರಾಶಿಯ ಒಳಗಿನಿಂದ ತೆಗೆದ ಮರಳನ್ನು ಅದುಮದೆ ತುಂಬಿ, ಮೇಲ್ಮೈ ಸಮಮಾಡಿ, ಎತ್ತರ ಅಳೆಯಿರಿ. 20 ಸೆಂ.ಮೀ. ಇದೆ ಎನ್ನಿ. ಮರಳನ್ನು ಹೊರಗೆ ಸುರಿದುಕೊಂಡು, ಡಬ್ಬಕ್ಕೆ ಅರ್ಧ ನೀರು ಹಾಕಿ, ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಹಾಕುತ್ತಾ ಕಡ್ಡಿಯಿಂದ ಕದಡಿ. ಕುಳಿತ ಮೇಲೆ 16 ಸೆಂ.ಮೀ. ಆಯಿತು. ಕುಸಿದ 4ನ್ನು 20ರಿಂದ ಭಾಗಿಸಿ ‘ಶೇ 20’ ಎನ್ನುವವರು ಬಹಳ. ಭಾಗಿಸಬೇಕಾದದ್ದು 16ರಿಂದ, ಉಬ್ಬು ಶೇ 25. ಶೇಕಡಾವಾರು ಗೊಂದಲವೇ ಬೇಡವೆಂದರೆ ಪೆಟ್ಟಿಗೆಯ ಎತ್ತರವನ್ನೇ ಹೀಗೆ ತೆಗೆಯಿರಿ: 28 × 20 ÷ 16 = 35 ಸೆಂ.ಮೀ.

ಅಂದರೆ ಮರಳಿಗೆ 25 × 25 × 35ರ ಬೇರೆ ಪೆಟ್ಟಿಗೆ ಬೇಕು. ನಾನಾದರೆ 36 ಸೆಂ.ಮೀ. ಎತ್ತರದ್ದು ಮಾಡಿಸಿ, ತಳಕ್ಕೆ ಹಾಕಲು ಒಂದೊಂದು ಸೆಂ.ಮೀ. ದಪ್ಪದ ಹಲಗೆ ತುಂಡುಗಳನ್ನು ಇಟ್ಟುಕೊಳ್ಳುತ್ತೇನೆ. ಇವತ್ತು ಒಂದು ಹಲಗೆ, ಮರಳು ಒಣಗಿದ ದಿನ ಎಂಟು. ಒಳಗೆ ಗೆರೆ ಎಳೆದು ‘ಇಲ್ಲಿವರೆಗೆ ತುಂಬಿ’ ಎನ್ನುವುದು ನಡೆಯದು, ಗೆರೆಯ ಮೇಲೆ ಮಟ್ಟಗೋಲು ಎಳೆಯಲು ಬರುವುದಿಲ್ಲ.

ಈ ತಿದ್ದುಪಡಿ ಬಿಟ್ಟರೆ? ಮೂರು ಪೆಟ್ಟಿಗೆಯಲ್ಲಿ ನಿಜವಾಗಿ ಬೀಳುವ ಮರಳು 42 ಲೀಟರ್, ಮಿಶ್ರಣ 1:1.2:3 ಆಗಿರುತ್ತದೆ. ಕಲಸುವಾಗಲೇ ಗೊತ್ತಾಗುತ್ತದೆ: ಜಲ್ಲಿ ಬೆತ್ತಲೆಯಾಗಿ ಕಾಣುತ್ತದೆ, ಸಲಿಕೆಗೆ ಗರಗರ ಎನ್ನುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂಥ ತೂತುಗಳು. ಆಗ ಮೇಸ್ತ್ರಿ ಬೈಯುವುದು ಜಲ್ಲಿಯನ್ನು.

ತುಂಬುವಾಗ ಸಲಿಕೆಯಿಂದ ಸಡಿಲವಾಗಿ ಸುರಿಯಿರಿ. ಕಾಲಲ್ಲಿ ತುಳಿಯುವುದು, ಪಕ್ಕಕ್ಕೆ ಬಡಿಯುವುದು ಬೇಡ. ಮಟ್ಟಗೋಲು ಎಳೆಯುವುದನ್ನು ತಪ್ಪಿಸಬೇಡಿ; ಜಲ್ಲಿ ಪೆಟ್ಟಿಗೆಯ ಮೇಲೆ ಒಂದು ಸೆಂ.ಮೀ. ಉಳಿದರೂ ಶೇ 3.6 ಹೆಚ್ಚು. ಮಳೆ ಬಂದರೆ, ಹೊಸ ಲೋಡ್ ಇಳಿದರೆ ಡಬ್ಬದ ಪರೀಕ್ಷೆ ಮತ್ತೆ ಮಾಡಿ. ಹಾಗೆಯೇ ಒದ್ದೆ ಮರಳು ತಂದ ನೀರನ್ನು ಕಲಸುವ ನೀರಿನಿಂದ ಕಳೆಯಿರಿ: ಶೇ 5 ತೇವವಿದ್ದರೆ ಒಂದು ಮೂಟೆಯ ಮರಳಿನಲ್ಲೇ ಸುಮಾರು 4 ಲೀಟರ್ ನೀರು ಬಂದಿರುತ್ತದೆ.